ನಿದ್ದೆಯ ಬೇರು ಮತ್ತು ನಮ್ಮತ್ತೆಯ ಕ್ಯಾಲೆಂಡರು

ಡಿಸೆಂಬರ್ ರಜೆಗೆ ಜರ್ಮನಿಯಿಂದ ಬಂದ ನಮ್ಮ ನಾದಿನಿ ಸೂಟ್‌ಕೇಸ್ ಬಿಚ್ಚಿದಾಗ ಚಾಕ್ಲೇಟು, ಸ್ವೆಟರು, ಯಜಮಾನರಿಗೊಂದು ಟಾರ್ಚು ಎಲ್ಲಾ ಬಂತು. ಕೊನೆಗೆ ಒಂದು ಡಬ್ಬಿ ತೆಗೆದು ಅತ್ತೆ ಕೈಗಿಟ್ಟಳು. "ಅಮ್ಮಾ, ಇದು ನಿದ್ದೆಗೆ. ಅಲ್ಲಿ ಎಲ್ಲರೂ ತಗೋತಾರೆ. ಬರೀ ಬೇರು, ಏನೂ ಕೆಮಿಕಲ್ ಇಲ್ಲ." ಅತ್ತೆ ಮುಚ್ಚಳ ತೆಗೆದರು ನೋಡಿ, ನಡುಮನೆ ತುಂಬಾ ಒಂದು ವಾಸನೆ. ಮಳೇಲಿ ನೆಂದ ಸಾಕ್ಸನ್ನ ಬೂಟಿನೊಳಗೇ ಬಿಟ್ಟು ಮೂರು ದಿನ ಮರೆತ ಹಾಗೆ. ಯಜಮಾನರು ಎದ್ದು ಚಪ್ಪಲಿ ಗೂಡಿನ ಕಡೆ ನೋಡಿ ಬಂದರು.

ಅದೇ ವಲೇರಿಯನ್. ಜರ್ಮನರು ಬಾಲ್ಡ್ರಿಯಾನ್ ಅಂತಾರೆ. ಯೂರೋಪಿನ ಕಡೆ ಬೆಳೆಯೋ ಒಂದು ಗಿಡದ ಬೇರಿನಿಂದ ತೆಗೆದ ಸತ್ವ. ಆ ವಾಸನೆಗೆ ಕಾರಣ ಬೇರು ಒಣಗುತ್ತಾ ಹುಟ್ಟೋ ಐಸೋವಲೇರಿಕ್ ಆಮ್ಲ, ಬೆವರಿದ ಕಾಲಿನ ವಾಸನೆಯಲ್ಲಿರೋದೂ ಅದೇ. ಹೆಸರು ಕೇಳಿ ನಮ್ಮ ಪಕ್ಕದ ಮನೆಯವರು "ಅಯ್ಯೋ, ವೇಲಿಯಂ ಅಲ್ವೇನ್ರೀ ಅದು?" ಅಂತ ಗಾಬರಿಯಾದರು. ಅಲ್ಲ. ಹೆಸರು ಹತ್ತಿರ ಹತ್ತಿರ ಕೇಳುತ್ತೆ ಅಷ್ಟೇ, ಅದು ಬೇರೆ, ಇದು ಬೇರೆ.

ಈ ಡಬ್ಬಿ ಈಗ ಕುಮಾರ ಪಾರ್ಕ್, ಮಲ್ಲೇಶ್ವರದ ಎಷ್ಟೋ ಮನೆಗಳಲ್ಲಿ ಕಾಣುತ್ತೆ. ಮಕ್ಕಳು ಹೊರದೇಶದಲ್ಲಿರೋ ಮನೆಗಳಲ್ಲಿ ವಿಟಮಿನ್ ಡಬ್ಬಿ ಪಕ್ಕ ಇದೂ ಒಂದು. ತಗೊಳ್ಳೋದು ಹೇಗೆ ಅಂತ ತಂದುಕೊಟ್ಟೋರು ಹೇಳ್ತಾರೆ. ಬಿಡೋದು ಹೇಗೆ, ಇದಕ್ಕೋಸ್ಕರ ಬೇರೆ ಏನನ್ನ ಬಿಡಬಾರದು ಅನ್ನೋದನ್ನ ಯಾರೂ ಹೇಳಲ್ಲ. ನನ್ನ ತಕರಾರು ಇರೋದು ಅಲ್ಲೇ.

ನಮ್ಮತ್ತೆಗೆ ಅರವತ್ತೆಂಟು. ನಿದ್ದೆ ಸಮಸ್ಯೆ ಮಾವ ಹೋದಾಗಿಂದ. ಎರಡು ವರ್ಷದಿಂದ ಡಾಕ್ಟರು ಬರೆದುಕೊಟ್ಟ ಕ್ಲೋನಾಜೆಪಾಮ್ 0.5ರ ಮಾತ್ರೇಲಿ ಅರ್ಧ, ರಾತ್ರಿ ಊಟ ಆದಮೇಲೆ. ಮನೇಲಿ ಅದಕ್ಕೆ "ಅರ್ಧ ಮಾತ್ರೆ" ಅಂತಲೇ ಹೆಸರು. ಅದರ ಮೇಲೆ ಅವರಿಗೆ ಒಂಥರಾ ಅವಮಾನ. ನಿದ್ದೆ ಮಾತ್ರೆ ತಗೋತೀನಿ ಅಂತ ಯಾರಿಗೂ ಹೇಳ್ಕೊಳ್ಳಲ್ಲ.

ಬೇರಿನ ಮಾತ್ರೆ ಶುರು ಮಾಡಿದ ಮೊದಲನೇ ರಾತ್ರಿ ಸುಮಾರಾಗಿ ಮಲಗಿದರು. ಎರಡನೇ ರಾತ್ರಿ ಒಂದು ಗಂಟೆಗೆ ಅಡುಗೆಮನೆ ಲೈಟು ಹತ್ತಿತ್ತು. ನಾಲ್ಕನೇ ದಿನಕ್ಕೆ ಕೈ ಸಣ್ಣಗೆ ನಡುಗ್ತಾ ಇದೆ, ಎದೆ ಡವಡವ, ಸುಮ್ಮಸುಮ್ಮನೆ ಬೆವರು. "ಕಣೇ, ಇದರಿಂದ ನಂಗೆ ಆಗಿ ಬರಲ್ಲ. ನಿದ್ದೆ ಬರೋದಿರಲಿ, ಇರೋ ನಿದ್ದೇನೂ ಹೋಯ್ತು" ಅಂದರು. ನಾದಿನಿ "ಇನ್ನೊಂದು ತಗೋಮ್ಮಾ ಹಾಗಾದ್ರೆ" ಅಂದಳು. ನಾನೂ ಮೊದಲು ಬೇರೇ ಕೆಟ್ಟದ್ದು ಅಂತ ತಿಳಿದೆ. ಆಮೇಲೆ ಬಿ.ಪಿ. ಮಾತ್ರೆ ತುಂಬಿಸೋಕೆ ಅವರ ಡಬ್ಬಿ ತೆಗೆದಾಗ ಗೊತ್ತಾಯ್ತು, ಕ್ಲೋನಾಜೆಪಾಮ್ ಪಟ್ಟಿ ಐದು ದಿನದಿಂದ ಮುಟ್ಟೇ ಇಲ್ಲ. ಬೇರಿನದು ಬಂತಲ್ಲ ಅಂತ, ಯಾರಿಗೂ ಹೇಳದೆ ಅವತ್ತೇ ಬಿಟ್ಟುಬಿಟ್ಟಿದಾರೆ.

ಅಂದ್ರೆ ನಾವು ನೋಡ್ತಾ ಇದ್ದದ್ದು ಬೇರಿನ ಕೆಲಸಾನೇ ಅಲ್ಲ. ಎರಡು ವರ್ಷ ತಗೊಂಡ ಮಾತ್ರೆಯನ್ನ ಏಕಾಏಕಿ ಬಿಟ್ಟಾಗ ಮೈ ಕೊಡೋ ಉತ್ತರ ಅದು. ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್ ಈ ಗುಂಪಿನ ಮಾತ್ರೆಗಳು ಮಿದುಳನ್ನ ತಣ್ಣಗಿಡೋ ಗಾಬಾ ಅನ್ನೋ ವ್ಯವಸ್ಥೆಗೆ ದಿನಾ ಒತ್ತಾಸೆ ಕೊಡ್ತಿರುತ್ತವೆ. ಮಿದುಳು ಅದಕ್ಕೆ ತಕ್ಕ ಹಾಗೆ ತನ್ನದನ್ನ ಕಡಿಮೆ ಮಾಡ್ಕೊಂಡಿರುತ್ತೆ. ಆ ಒತ್ತಾಸೆ ಒಂದೇ ದಿನ ತೆಗೆದರೆ ನಿದ್ದೆ ಮೊದಲಿಗಿಂತ ಕೆಡುತ್ತೆ, ನಡುಕ, ಬೆವರು, ಗಾಬರಿ. ಜಾಸ್ತಿ ಡೋಸ್ ಇದ್ದೋರಿಗೆ ಫಿಟ್ಸ್ ಕೂಡ ಬರಬಹುದು. ಅದರ ಜಾಗಕ್ಕೆ ವಲೇರಿಯನ್ ನಿಲ್ಲಲ್ಲ. ಅದರ ವಲೇರೆನಿಕ್ ಆಮ್ಲ ಅನ್ನೋ ಅಂಶವೂ ಆ ಗಾಬಾ ಕಡೆಗೇ ಕೈ ಹಾಕುತ್ತೆ ಅನ್ನೋದು ಪ್ರಯೋಗಾಲಯದಲ್ಲಿ ಕಂಡಿದೆ. ಆದ್ರೆ ಆ ಕೈ ಬಲು ಹಗುರ. ಬೀಳ್ತಿರೋ ಗೋಡೆಗೆ ಅಗರಬತ್ತಿ ಕಡ್ಡಿ ಆನಿಸಿದ ಹಾಗೆ.

ಮಾರನೇ ಬೆಳಿಗ್ಗೆ ಡಾಕ್ಟರ ಹತ್ತಿರ ಹೋದ್ವಿ. ಬೈಗುಳ ನಿರೀಕ್ಷೆ ಮಾಡಿದ್ದ ಅತ್ತೆಗೆ ಅವರು ಬೈಲಿಲ್ಲ. ಮೊದಲು ಬೇರಿನ ಡಬ್ಬಿ ಮುಚ್ಚಿಡಿ ಅಂದರು, ಅರ್ಧ ಮಾತ್ರೆ ಮತ್ತೆ ಶುರು ಮಾಡಿಸಿದರು. ಎರಡನ್ನೂ ಒಟ್ಟಿಗೆ ಬೇಡ ಅಂದದ್ದಕ್ಕೆ ಕಾರಣ ಸರಳ, ಎರಡೂ ಮಂಪರು ತರೋವು, ರಾತ್ರಿ ಬಾತ್‌ರೂಮಿಗೆ ಎದ್ದಾಗ ಈ ವಯಸ್ಸಲ್ಲಿ ಬಿದ್ದರೆ ಸೊಂಟ ಮುರಿಯುತ್ತೆ. ಅತ್ತೆಗೆ ಮಾತ್ರೆ ಬಿಡಲೇಬೇಕು ಅನ್ನೋ ಆಸೆ ಇದೆ ಅಂತ ಗೊತ್ತಾದ ಮೇಲೆ, 0.25ರ ಮಾತ್ರೆ ಬರೆದುಕೊಟ್ಟರು. ಹಳೇ ಅರ್ಧಕ್ಕೆ ಅದು ಸಮ. ಮೂರು ವಾರ ಅದರಲ್ಲಿ ಅರ್ಧ, ಆಮೇಲೆ ಆ ಅರ್ಧಾನ ದಿನ ಬಿಟ್ಟು ದಿನ, ಕೊನೆಗೆ ಪೂರ್ತಿ ಬಂದ್. ಒಟ್ಟು ಏಳು ವಾರ ಹಿಡೀತು. ಇದು ಅವರ ವಯಸ್ಸಿಗೆ, ಅವರ ಡೋಸಿಗೆ ಹಾಕಿದ ಲೆಕ್ಕ. ನೀವು ನಿಮ್ಮ ಮನೇಲಿ ಇದನ್ನೇ ನೋಡ್ಕೊಂಡು ಮಾಡಬೇಡಿ, ನಿಮ್ಮ ಲೆಕ್ಕ ನಿಮ್ಮ ಡಾಕ್ಟರು ಹಾಕಲಿ.

ಬೇರಿನ ಡಬ್ಬಿ ಮತ್ತೆ ತೆರೆದದ್ದು ಫೆಬ್ರವರಿ ಕೊನೇಲಿ, ಡಾಕ್ಟರಿಗೆ ಹೇಳಿಯೇ. ಈ ಸಲ ನಾನು ಒಂದು ಷರತ್ತು ಹಾಕಿದೆ. ಅಡುಗೆಮನೆ ಬಾಗಿಲ ಹಿಂದಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕದಲ್ಲಿ ದಿನಾ ಬೆಳಿಗ್ಗೆ ಮೂರು ಅಂಕಿ ಬರೀಬೇಕು: ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಅಂದಾಜು ಎಷ್ಟಕ್ಕೆ, ರಾತ್ರಿ ಎಷ್ಟು ಸಲ ಎಚ್ಚರ. ಏಕಾದಶಿ, ಸಂಕಷ್ಟಿ ನೋಡೋ ಜಾಗದಲ್ಲೇ ಇದ್ದದ್ದರಿಂದ ಒಂದು ದಿನಾನೂ ತಪ್ಪಲಿಲ್ಲ. ಹಾಲಿನ ಲೆಕ್ಕಕ್ಕೆ ಜಾಗ ಇಲ್ಲದೆ ಹೋಯ್ತು ಅಂತ ಯಜಮಾನರು ಗೊಣಗಿದರು, ಬಿಡಿ.

ಮಾತ್ರೇಲಿ ಇದ್ದದ್ದು 450 ಮಿಲಿಗ್ರಾಂ ಒಣ ಸತ್ವ. ಯೂರೋಪಿನ ಔಷಧ ಸಂಸ್ಥೆಯ ಗಿಡಮೂಲಿಕೆ ಸಮಿತಿ ಹೇಳೋದು ಒಂದು ಸಲಕ್ಕೆ 400ರಿಂದ 600, ಮಲಗೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ಅತ್ತೆ ಹತ್ತಕ್ಕೆ ಮಲಗೋರು, ಒಂಬತ್ತೂವರೆಗೆ ನುಂಗೋರು. ಈಗ ಮುಖ್ಯ ಮಾತು. ಅದೇ ಸಮಿತಿ ಇನ್ನೊಂದನ್ನೂ ಸ್ಪಷ್ಟವಾಗಿ ಬರೆದಿದೆ: ಇದರ ಪರಿಣಾಮ ನಿಧಾನಕ್ಕೆ ಬರೋದ್ರಿಂದ ತಕ್ಷಣದ ಉಪಶಮನಕ್ಕೆ ಇದು ತಕ್ಕದ್ದಲ್ಲ, ಎರಡರಿಂದ ನಾಲ್ಕು ವಾರ ಬಿಡದೆ ತಗೊಂಡ್ರೆ ಮಾತ್ರ ಆಗೋಷ್ಟು ಪ್ರಯೋಜನ ಆಗುತ್ತೆ. ಎರಡು ವಾರ ಆದ ಮೇಲೂ ತೊಂದರೆ ಹಾಗೇ ಇದ್ರೆ, ಅಥವಾ ಹೆಚ್ಚಾದ್ರೆ, ಡಾಕ್ಟರಿಗೆ ತೋರಿಸಬೇಕು.

"ನಾಳೆ ಬೆಳಿಗ್ಗೆ ಐದಕ್ಕೆ ಏರ್‌ಪೋರ್ಟು, ಇವತ್ತೊಂದಿನ ಒಂದು ಕೊಡೇ" ಅಂತ ಕೇಳೋ ನಮ್ಮ ಓರಗಿತ್ತಿಗೆ ನಾನು ಕೊಡಲ್ಲ ಅನ್ನೋದು ಇದಕ್ಕೇ. ಒಂದಿನಕ್ಕೆ ತಗೊಂಡು ನಿದ್ದೆ ಬಂತು ಅನ್ನೋರು ಅವತ್ತು ಹೇಗಿದ್ರೂ ಮಲಗ್ತಿದ್ರು. ಮೂರು ದಿನ ತಗೊಂಡು ಏನೂ ಆಗಲಿಲ್ಲ ಅನ್ನೋರದೂ ಪರೀಕ್ಷೆ ಅಲ್ಲ. 1996ರಲ್ಲಿ ಜರ್ಮನಿಯಲ್ಲಿ 121 ಜನರ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ, ರಾತ್ರಿಗೆ 600 ಮಿಲಿಗ್ರಾಂ ಕೊಟ್ಟು ನೋಡಿದಾಗ, ಉತ್ತಮ ಅಂತ ಎದ್ದು ಕಂಡದ್ದು ನಾಲ್ಕನೇ ವಾರದ ಕೊನೆಗೆ.

ಹಾಗಂತ ನಾಲ್ಕು ವಾರ ಕಾದ್ರೆ ಖಂಡಿತ ನಿದ್ದೆ ಬರುತ್ತೆ ಅಂತಾನೂ ನಾನು ಹೇಳ್ತಿಲ್ಲ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2017ರಲ್ಲಿ ತನ್ನ ಮಾರ್ಗಸೂಚಿಯಲ್ಲಿ ನಿದ್ರಾಹೀನತೆಗೆ ವಲೇರಿಯನ್ ಕೊಡಬೇಡಿ ಅಂತಲೇ ಸಲಹೆ ಮಾಡ್ತು, ಪುರಾವೆ ಸಾಲದು ಅಂತ. ಪುರಾವೆ ಗಟ್ಟಿಯಾಗದಿರೋಕೆ ಒಂದು ತಮಾಷೆ ಕಾರಣವೂ ಇದೆ. ಅರ್ಧ ಜನಕ್ಕೆ ನಿಜವಾದದ್ದು, ಅರ್ಧ ಜನಕ್ಕೆ ಪೊಳ್ಳು ಮಾತ್ರೆ ಕೊಟ್ಟು, ಯಾರಿಗೆ ಯಾವುದು ಅಂತ ಗೊತ್ತಾಗದ ಹಾಗೆ ನೋಡಬೇಕು ಅಲ್ವಾ? ಈ ವಾಸನೆ ಇಟ್ಕೊಂಡು ಗೊತ್ತಾಗದ ಹಾಗೆ ಮಾಡೋದು ಹೇಗೆ? ನಮ್ಮನೇಲಂತೂ ಕಣ್ಣು ಮುಚ್ಚಿದ್ರೂ ಹೇಳಬಹುದು.

ಕ್ಯಾಲೆಂಡರು ಏನು ಹೇಳ್ತು? ಮೊದಲನೇ ವಾರ ಹತ್ತಕ್ಕೆ ಮಲಗಿದ್ರೆ ಹನ್ನೊಂದೂಕಾಲು, ಹನ್ನೊಂದೂವರೆ. ಎರಡನೇ ವಾರವೂ ಹಾಗೇ. ಎರಡು ಬೆಳಿಗ್ಗೆ ತಲೆ ಭಾರ ಅಂತ ಪಕ್ಕದಲ್ಲಿ ಬರೆದಿದಾರೆ, ಆ ಎರಡು ದಿನ ಅವರನ್ನ ಒಬ್ಬರೇ ರಸ್ತೆ ದಾಟೋಕೆ ನಾನು ಬಿಡಲಿಲ್ಲ. ಗಾಡಿ ಓಡಿಸೋರಾದ್ರೆ ಇದನ್ನ ಇನ್ನೂ ಗಮನಿಸಬೇಕು. ಹದಿನೈದನೇ ದಿನ ಡಾಕ್ಟರಿಗೆ ಫೋನ್ ಮಾಡಿದ್ವಿ, ಕೆಡುಕಿಲ್ಲ ಅಂದ್ರೆ ಇನ್ನೆರಡು ವಾರ ನೋಡಿ ಅಂದರು. ಮೂರನೇ ವಾರ ಹತ್ತೂ ಮುಕ್ಕಾಲು ಅಂತ ಮೂರು ಕಡೆ ಕಂಡಿತು. ನಾಲ್ಕನೇ ವಾರ ಹೆಚ್ಚುಕಮ್ಮಿ ಎಲ್ಲಾ ದಿನ ಹತ್ತೂವರೆ, ಹತ್ತೂ ಮುಕ್ಕಾಲು. ನಡುರಾತ್ರಿ ಎಚ್ಚರ ಆಗೋದು ಮಾತ್ರ ಮೊದಲಿಂದ ಕೊನೇವರೆಗೂ ಎರಡು ಸಲ, ಒಂದು ಚೂರೂ ಕಮ್ಮಿ ಆಗಲಿಲ್ಲ.

ನಾದಿನಿಗೆ ವಾಟ್ಸಾಪಿನಲ್ಲಿ ಹೇಳಿದಾಗ ಅವಳಿಗೆ ಗೆದ್ದ ಸಂತೋಷ. ನಾನೇ ತಣ್ಣೀರೆರಚಿದೆ. ಮೂರನೇ ವಾರದ ಹೊತ್ತಿಗೇ ಎದೆಯುರಿ ಅಂತ ಅತ್ತೆ ಸಾಯಂಕಾಲ ಐದರ ಕಾಫಿ ಬಿಟ್ಟಿದ್ದರು. ಐವತ್ತು ವರ್ಷದ ಕಾಫಿ ಅದು, ಸ್ಟ್ರಾಂಗ್ ಡಿಕಾಕ್ಷನ್ನಿನದು. ಅರ್ಧ ಗಂಟೆ ನಿದ್ದೆ ಮುಂದೆ ಬಂದದ್ದು ಬೇರಿನಿಂದಲೋ ಕಾಫಿ ಬಿಟ್ಟದ್ದರಿಂದಲೋ ಯಾರು ಹೇಳಬೇಕು? ನನಗೆ ಕಾಫಿ ಮೇಲೇ ಅನುಮಾನ. ಅತ್ತೆಗೆ ಬೇರಿನ ಮೇಲೆ ನಂಬಿಕೆ. ಒಂದೇ ಸಲ ಎರಡು ಬದಲಾವಣೆ ಮಾಡಿದ್ದು ನಮ್ಮ ತಪ್ಪು, ಒಂದನ್ನ ಮಾಡಿ ನಾಲ್ಕು ವಾರ ಆದ ಮೇಲೆ ಇನ್ನೊಂದನ್ನ ಮುಟ್ಟಬೇಕಿತ್ತು.

ಮಧ್ಯೆ ಒಂದು ಅಡ್ಡಮಾತು. ನಮ್ಮ ಸೋದರಮಾವ "ಅದ್ಯಾಕೆ ಫಾರಿನ್ನಿಂದು, ನಮ್ಮದೇ ತಗರ ಇಲ್ವಾ" ಅಂದರು. ಮಾತು ಸುಳ್ಳಲ್ಲ. ಆಯುರ್ವೇದದ ತಗರ ಅಂದ್ರೆ ಹಿಮಾಲಯದ ಕಡೆಯ ವಲೇರಿಯನ್ನೇ, ಇದೇ ಜಾತಿಯ ಇನ್ನೊಂದು ಗಿಡ. ಆದ್ರೆ ಗ್ರಂಧಿಗೆ ಅಂಗಡೀಲಿ ಕೇಳಿದ್ರೆ ಜಟಾಮಾಂಸಿ ಕಟ್ಟಿಕೊಟ್ಟರು. ಅದು ಅದೇ ಕುಟುಂಬದ್ದಾದ್ರೂ ಬೇರೆ ಗಿಡ. ಗೊಂದಲಕ್ಕೆ ಅವರನ್ನ ದೂರೋ ಹಾಗೂ ಇಲ್ಲ, ತಗರದ ಶಾಸ್ತ್ರೀಯ ಹೆಸರೇ ವಲೇರಿಯಾನಾ ಜಟಾಮಾನ್ಸಿ. ಸಾಲದ್ದಕ್ಕೆ ಉತ್ತರದವರು ತಗರ್ ಅಂದ್ರೆ ನಮ್ಮ ನಂದಿಬಟ್ಟಲು ಹೂವು. ಹೆಸರು ಇಷ್ಟು ಕಲಸಿಕೊಂಡಿರೋ ಕಡೆ ಪುಡಿ ತಂದು ಚಮಚದಲ್ಲಿ ಅಳೆಯೋದು ನನಗೆ ಸರಿ ಕಾಣಲ್ಲ. ಬೇಕಾದ್ರೆ ಆಯುರ್ವೇದದ ವೈದ್ಯರನ್ನೇ ಕೇಳಿ ತಗೊಳ್ಳಲಿ, ಅಲೋಪತಿ ಮಾತ್ರೆ ಏನೇನು ನಡೀತಿದೆ ಅಂತ ಅವರಿಗೂ ಹೇಳಿ. ಮೇಲಿನ ನಾಲ್ಕು ವಾರದ ಲೆಕ್ಕ ಯೂರೋಪಿನ ಬೇರಿನ ಸತ್ವದ್ದು, ಪುಡಿಗೆ ಅದನ್ನೇ ಹಚ್ಚೋಕಾಗಲ್ಲ.

ನಾಲ್ಕು ವಾರ ಮುಗಿದ ಮೇಲೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹೇಗೂ ನಿದ್ದೆ ಬರ್ತಿದೆ, ಬೇರು ತಾನೆ, ಅಂತ ಏಪ್ರಿಲ್ ಪೂರ್ತಿ ಹಾಗೇ ನಡೀತು. ಅಷ್ಟರಲ್ಲಿ ಅವರ ಮಂಡಿ ಆಪರೇಷನ್ ಮೇ ಮಧ್ಯಕ್ಕೆ ನಿಗದಿಯಾಯ್ತು. ಅದಕ್ಕೆ ಮೂರು ವಾರ ಮುಂಚೆ ಅರಿವಳಿಕೆ ಡಾಕ್ಟರ ತಪಾಸಣೆ. ಅವರು ಕೇಳಿದರು, "ಏನೇನು ಮಾತ್ರೆ ತಗೋತೀರಮ್ಮಾ?" ಅತ್ತೆ, "ಬಿ.ಪಿ.ದು ಒಂದು, ಕ್ಯಾಲ್ಸಿಯಂ ಒಂದು, ಅಷ್ಟೇ." ಸುಳ್ಳು ಹೇಳಬೇಕು ಅಂತಲ್ಲ, ಅವರ ಲೆಕ್ಕದಲ್ಲಿ ಬೇರು ಮಾತ್ರೆಯೇ ಅಲ್ಲ. ನಾನು ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಮುಚ್ಚಳ ತೆಗೀಲಿಲ್ಲ ಅನ್ನಿ.

ಡಾಕ್ಟರು ಹಗುರವಾಗಿ ತಗೊಳ್ಳಲಿಲ್ಲ. ಅರಿವಳಿಕೆಯ ಔಷಧಗಳ ಜೊತೆ ಸೇರಿದ್ರೆ ಮಂಪರು ಹೆಚ್ಚಾಗಬಹುದು ಅನ್ನೋದು ಒಂದು. ಹೆದರಿ ಹಿಂದಿನ ರಾತ್ರಿ ತಟ್ಟಂತ ನಿಲ್ಲಿಸೋದೂ ಒಳ್ಳೇದಲ್ಲ ಅನ್ನೋದು ಇನ್ನೊಂದು. ಈ ಎರಡನೇದು ನನಗೆ ಹೊಸದು. ಆಮೇಲೆ ಓದಿ ತಿಳ್ಕೊಂಡೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಕರಣ ಬಂದಿತ್ತು. ಐವತ್ತೆಂಟು ವರ್ಷದ ಗಂಡಸು, ವಲೇರಿಯನ್ ಸತ್ವವನ್ನ ಸಲಕ್ಕೆ 530 ಮಿಲಿಗ್ರಾಮಿಂದ 2 ಗ್ರಾಂವರೆಗೆ, ದಿನಕ್ಕೆ ಐದು ಸಲ, ವರ್ಷಗಟ್ಟಲೆ ತಗೊಂಡಿದ್ದ. ಆಪರೇಷನ್ ಅಂತ ಆಸ್ಪತ್ರೆ ಸೇರಿದ, ಅಲ್ಲಿ ಅದು ನಿಂತುಹೋಯ್ತು. ಆಪರೇಷನ್ ಆದಮೇಲೆ ಹೃದಯದ ತೊಂದರೆ, ಬುದ್ಧಿಭ್ರಮಣೆ. ಕ್ಲೋನಾಜೆಪಾಮ್ ಗುಂಪಿನದೇ ಒಂದು ಔಷಧ ಕೊಟ್ಟ ಮೇಲೆ ಹತೋಟಿಗೆ ಬಂತು. ಆತ ಬೇರೆ ಔಷಧಗಳನ್ನೂ ತಗೊಳ್ತಿದ್ದ, ಹಾಗಾಗಿ ವಲೇರಿಯನ್ ಬಿಟ್ಟದ್ದೇ ಕಾರಣ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂತ ಬರೆದ ವೈದ್ಯರೇ ಒಪ್ಪಿದಾರೆ. ಇದು ಒಂದೇ ಒಂದು ಪ್ರಕರಣ, ಡೋಸೂ ಅತ್ತೆಯದಕ್ಕಿಂತ ಎಷ್ಟೋ ಪಟ್ಟು. ರಾತ್ರಿಗೊಂದು ಮಾತ್ರೆ ನುಂಗೋರು ಇದನ್ನ ಓದಿ ಹೆದರಿಕೊಳ್ಳಬೇಕಾಗಿಲ್ಲ. ಆದ್ರೆ 2001ರಲ್ಲಿ ಅದೇ ಪತ್ರಿಕೆಯಲ್ಲಿ, ಆಪರೇಷನ್ನಿಗೆ ಹೋಗೋರು ಗಿಡಮೂಲಿಕೆಗಳನ್ನ ಏನು ಮಾಡಬೇಕು ಅಂತ ಬರೆದವರು ಉಳಿದ ಮೂಲಿಕೆಗಳಿಗೆ ಇಷ್ಟು ದಿನ ಮುಂಚೆ ನಿಲ್ಲಿಸಿ ಅಂದು, ವಲೇರಿಯನ್ನಿಗೆ ಮಾತ್ರ ಕೆಲವು ವಾರಗಳಲ್ಲಿ ಇಳಿಸುತ್ತಾ ಬನ್ನಿ ಅಂದರು. ಇಳಿಸೋಕೆ ಟೈಮೇ ಇಲ್ಲ ಅಂದ್ರೆ ವೈದ್ಯರ ಕಣ್ಣೆದುರಲ್ಲಿ ಆಪರೇಷನ್ ದಿನದವರೆಗೂ ತಗೊಳ್ಳಲಿ ಅಂತಾನೂ.

ನಮಗೆ ಮೂರು ವಾರ ಇತ್ತು. ಅರ್ಧ ಮಾಡೋಣ ಅಂದ್ರೆ ಮೇಲೆ ಲೇಪ ಇರೋ ಮಾತ್ರೆ, ಚಾಕುವಿಂದ ಕತ್ತರಿಸಿದ ಆ ಒಂದು ಸಲದ ವಾಸನೆ ಸಾಕಾಯ್ತು. ಅದಕ್ಕೆ ಡಾಕ್ಟರು ಹೇಳಿದ್ದು ಹೀಗೆ: ಒಂದು ವಾರ ದಿನ ಬಿಟ್ಟು ದಿನ, ಮುಂದಿನ ವಾರ ಎರಡೇ ರಾತ್ರಿ, ಕೊನೇ ವಾರ ಪೂರ್ತಿ ಇಲ್ಲ. ಏನು ನೋಡ್ಕೋಬೇಕು ಅಂತಲೂ ಹೇಳಿದರು. ಒಂದೆರಡು ರಾತ್ರಿ ನಿದ್ದೆ ಕೆಟ್ಟು ಆಮೇಲೆ ತಾನೇ ಸರಿಹೋದ್ರೆ ಅದು ಬಿಟ್ಟದ್ದರ ಪರಿಣಾಮ, ಗಾಬರಿ ಬೇಡ. ವಾರ ಎರಡು ವಾರ ಆದ್ರೂ ಸರಿಹೋಗದಿದ್ರೆ ಅದು ಹಳೇ ನಿದ್ರಾಹೀನತೆಯೇ ವಾಪಸ್ ಬಂದಿರೋದು. ಕೈ ನಡುಕ, ಎದೆ ಬಡಿತ, ಬೆವರು, ಮಾತು ಅಸ್ತವ್ಯಸ್ತ ಆದ್ರೆ ಬೆಳಗಾಗೋವರೆಗೂ ಕಾಯಬೇಡಿ, ಫೋನ್ ಮಾಡಿ.

ಕ್ಯಾಲೆಂಡರಿನ ಮೇ ತಿಂಗಳ ಹಾಳೆ ನೋಡಿದ್ರೆ, ಪೂರ್ತಿ ನಿಲ್ಲಿಸಿದ ಮೊದಲೆರಡು ರಾತ್ರಿ ಹನ್ನೆರಡು ಗಂಟೆ ಅಂತಿದೆ. "ನೋಡು, ಅದಿಲ್ದೆ ನಂಗೆ ನಿದ್ದೆ ಬರಲ್ಲ" ಅಂತ ಅತ್ತೆ ಡಬ್ಬಿ ಕೇಳಿದರು. ನಾನು ಎಲ್ಲಿಟ್ಟಿದೀನಿ ಅಂತ ಹೇಳಲಿಲ್ಲ. "ಅತ್ತೆ, ಇನ್ನೆರಡು ದಿನ ನೋಡೋಣ, ಬೇಕಾದ್ರೆ ನಾನೂ ಎದ್ದಿರ್ತೀನಿ" ಅಂದೆ. ಮೂರನೇ ರಾತ್ರಿ ಹನ್ನೊಂದು. ಐದನೇ ರಾತ್ರಿ ಹತ್ತೂ ಮುಕ್ಕಾಲು, ಮಾತ್ರೆ ಇದ್ದಾಗ ಇದ್ದಷ್ಟೇ. ಕಾಫಿ ಇನ್ನೂ ಬಿಟ್ಟೇ ಇದ್ದರು ಅನ್ನೋದನ್ನ ನಾನು ನೆನಪಿಸಿದೆ, ಅವರು ಕೇಳಿಸದ ಹಾಗೆ ಮಾಡಿದರು.

ಈಗ ನಮ್ಮನೇಲಿ ಒಂದು ಚೀಟಿ ಇದೆ, ಫ್ರಿಜ್ಜಿನ ಬಾಗಿಲ ಮೇಲೆ. ಅತ್ತೆಯ ಎಲ್ಲಾ ಮಾತ್ರೆಗಳ ಹೆಸರು, ಯಾವತ್ತು ಶುರು, ಯಾವತ್ತು ನಿಲ್ಲಿಸಿದ್ದು. ಬೇರು, ಕಷಾಯ, ಲೇಹ್ಯ ಏನಿದ್ರೂ ಅದರಲ್ಲಿ ಬರಬೇಕು, ಡಾಕ್ಟರ ಹತ್ತಿರ ಹೋಗುವಾಗ ಚೀಟಿ ಬ್ಯಾಗಿಗೆ ಬರಬೇಕು. ನಾಲ್ಕು ವಾರಕ್ಕಿಂತ ಹೆಚ್ಚಿಗೆ ಯಾವ ನಿದ್ದೆ ಬೇರೂ ಮುಂದುವರಿಯಬಾರದು ಅನ್ನೋದು ನಾನು ಸೇರಿಸಿದ್ದು. ನಾದಿನಿಗೆ ಇದು ಅತಿ ಅನ್ನಿಸಿದೆ. "ಅಲ್ಲಿ ನಮ್ಮ ಪಕ್ಕದ ಅಜ್ಜಿ ಹತ್ತು ವರ್ಷದಿಂದ ತಗೋತಿದಾಳೆ, ಅತ್ತಿಗೆ" ಅಂತಾಳೆ. ತಗೊಳ್ಳಲಿ. ಆದ್ರೆ ಆ ಅಜ್ಜಿಗೆ ನಾಳೆ ಆಪರೇಷನ್ ಅಂದ್ರೆ ಅವಳ ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಡೋರು ಯಾರಾದ್ರೂ ಇದಾರಾ ಅಂತ ಕೇಳಿದೆ. ಅವಳು ವಿಷಯ ಬದಲಾಯಿಸಿದಳು.

ಮಂಡಿ ಆಪರೇಷನ್ ಚೆನ್ನಾಗೇ ಆಯ್ತು, ಅತ್ತೆ ಈಗ ಕೋಲಿಲ್ಲದೆ ಮನೆ ಒಳಗೆ ಓಡಾಡ್ತಾರೆ. ಉಳಿದ ಮಾತ್ರೆ ಡಬ್ಬಿಯನ್ನ ನಾನು ಹಿತ್ತಲ ಕಪಾಟಿನಲ್ಲಿ, ಒಳಗಡೆ ಇಟ್ಟಿದ್ದೆ. ಎಲ್ಲಿಟ್ಟಿದೀನಿ ಅಂತ ಕಂಡುಹಿಡಿದದ್ದು ಕಾಂಪೌಂಡಿನ ಬೆಕ್ಕು. ಬೆಕ್ಕುಗಳಿಗೆ ಆ ವಾಸನೆ ಅಂದ್ರೆ ಹುಚ್ಚು. ಒಂದು ವಾರದಿಂದ ಕಪಾಟಿನ ಬಾಗಿಲಿಗೆ ಮೈ ಉಜ್ಜಿಕೊಂಡು ಅಲ್ಲೇ ಬಿದ್ದಿರುತ್ತೆ.